"ತಿಳೀತೇನ್ರೀ?" ಅಂತ ಕೇಳೋದು ಬಿಡಿ: ಕಂಪನಿ ತರಬೇತಿಯ ನಡುವೆ ಕ್ವಿಜ್ ಕೂರಿಸುವ ಬಗೆ

ಬೆಳಗಾವಿಯ ಉದ್ಯಮಬಾಗದ ಯಾವ ಕಂಪನಿಯ ಟ್ರೇನಿಂಗ್ ಹಾಲಿಗೆ ಹೋದರೂ ಒಂದು ಮಾತುಕತೆ ಕಿವಿಗೆ ಬಿದ್ದೇ ಬೀಳುತ್ತದೆ. ತರಬೇತಿ ಕೊಡುವವರು ಅರ್ಧ ಗಂಟೆ ಸ್ಲೈಡ್ ತೋರಿಸಿ "ತಿಳೀತೇನ್ರೀ ಎಲ್ಲಾರ್ಗೂ?" ಅಂತಾರೆ. ಹಾಲ್ ಪೂರ್ತಿ "ಹೂಂ ರೀ ಸರ್" ಅನ್ನುತ್ತದೆ. ಮುಂದಿನ ಸ್ಲೈಡ್ ಬರುತ್ತದೆ. ನಾನೂ ಹಲವು ವರ್ಷ ಹೀಗೇ ಮಾಡಿದವನು. ಒಂದು ಸಲ ತರಬೇತಿ ಮುಗಿಸಿ ಅದೇ ಶೆಡ್ ಒಳಗೆ ನಡೆದುಕೊಂಡು ಹೋಗುವಾಗ, ಬೆಳಿಗ್ಗೆ ಎಲ್ಲರಿಗಿಂತ ಜೋರಾಗಿ ಹೂಂ ಅಂದಿದ್ದ ಫಿಟರ್ ಒಬ್ಬರು ಮೇಲೆತ್ತಿ ನಿಲ್ಲಿಸಿದ ಪ್ರೆಸ್ ಕೆಳಗೆ ಕೈ ಹಾಕಿ ಕೂತಿದ್ದು ನೋಡಿದೆ. ಅವತ್ತಿನಿಂದ ಆ ಪ್ರಶ್ನೆ ಕೇಳೋದು ಬಿಟ್ಟೆ. ಅದರ ಜಾಗಕ್ಕೆ ಮಾತಿನ ನಟ್ಟನಡುವೆ ಹದಿನೈದು ನಿಮಿಷದ ಒಂದು ಕ್ವಿಜ್ ಬಂತು.

ಅದನ್ನು ಹೇಗೆ ಕಟ್ಟೋದು ಅಂತ ಇಲ್ಲಿ ಹೇಳುತ್ತೇನೆ. ಉದಾಹರಣೆಗೆ ನನ್ನದೇ ಒಂದು ತರಬೇತಿ ತಗೊಳ್ಳುತ್ತೇನೆ. ವಿಷಯ ಲಾಕೌಟ್ ಟ್ಯಾಗೌಟ್, ಅಂದರೆ ಮಷೀನ್ ರಿಪೇರಿ ಮಾಡುವ ಮೊದಲು ಕರೆಂಟ್ ಬಂದ್ ಮಾಡಿ, ಸ್ವಿಚ್ಚಿಗೆ ನಮ್ಮದೇ ಬೀಗ ಹಾಕಿ, ಹೆಸರಿನ ಚೀಟಿ ತೂಗುಹಾಕಿ, ಆಮೇಲೆ ಕೈ ಹಾಕುವ ಪದ್ಧತಿ. ಕೂತವರು 24 ಜನ: ಫಿಟರ್‌ಗಳು, ಆಪರೇಟರ್‌ಗಳು, ಕೆಲವು ಕಾಂಟ್ರಾಕ್ಟ್ ಹೆಲ್ಪರ್‌ಗಳು. ಬೆಳಿಗ್ಗೆ 10:30ರಿಂದ 12ರವರೆಗೆ, ಒಟ್ಟು 90 ನಿಮಿಷ. ನಿಮ್ಮ ವಿಷಯ ಬ್ಯಾಂಕಿನ ಕೆವೈಸಿ ಇರಬಹುದು, ಜಿಎಸ್‌ಟಿ ಇರಬಹುದು. ಕಟ್ಟುವ ರೀತಿ ಬದಲಾಗಲ್ಲ.

ಮೊದಲು ನಿಲ್ಲುವ ಜಾಗ ಹುಡುಕಿ

ಅರ್ಧ ಸಮಯ ಆಯಿತು ಅಂತ ಕ್ವಿಜ್ ಇಡಬೇಡಿ. ಗಡಿಯಾರ ನೋಡಿ ಇಟ್ಟ ಕ್ವಿಜ್ ಸುಮ್ನೆ ಬ್ರೇಕ್ ಆಗುತ್ತದೆ, ಅಷ್ಟೇ. ನಿಮ್ಮ ಸ್ಲೈಡ್‌ಗಳನ್ನು ಒಂದು ಸಲ ಹಿಂದಿನಿಂದ ಮುಂದಕ್ಕೆ ತಿರುವಿ ನೋಡಿ. ಕೊನೆಯ ಅರ್ಧ ಅರ್ಥ ಆಗಬೇಕಾದರೆ ಜನರಿಗೆ ಯಾವ ಒಂದು ಮಾತು ಗಟ್ಟಿಯಾಗಿ ಗೊತ್ತಿರಲೇಬೇಕು? ಆ ಮಾತು ಹೇಳಿ ಮುಗಿಸಿದ ಜಾಗದಲ್ಲಿ ನಿಲ್ಲಿಸಬೇಕು.

ನನ್ನ ತರಬೇತಿಯಲ್ಲಿ ಆ ಮಾತು ಇದು: ಕರೆಂಟ್ ಹೋದರೂ ಮಷೀನಿನಲ್ಲಿ ಶಕ್ತಿ ಉಳಿದಿರುತ್ತದೆ. ಪ್ರೆಸ್ಸಿನಲ್ಲಿ ಮೇಲಿಂದ ಇಳಿದು ಒತ್ತುವ ಭಾರವಾದ ಭಾಗಕ್ಕೆ ರ‍್ಯಾಮ್ ಅಂತಾರೆ. ಮೇಲೆತ್ತಿದ ರ‍್ಯಾಮ್‌ಗೆ ಅದರ ತೂಕವೇ ಶಕ್ತಿ. ಪ್ರೆಶರಿನಲ್ಲಿ ಎಣ್ಣೆ ಕೂಡಿಡುವ ಸಿಲಿಂಡರ್, ಅಂದರೆ ಹೈಡ್ರಾಲಿಕ್ ಅಕ್ಯುಮುಲೇಟರ್‌ನಲ್ಲಿ ನೈಟ್ರೋಜನ್ ಗ್ಯಾಸ್ ಎಣ್ಣೆಯನ್ನು ಒತ್ತಿಕೊಂಡೇ ಇರುತ್ತದೆ, ಮೋಟಾರ್ ನಿಂತರೂ. ಇದು ತಲೆಗೆ ಹೋಗದಿದ್ದರೆ ಎರಡನೇ ಅರ್ಧದಲ್ಲಿ ನಾನು ಹೇಳುವ ಕ್ರಮ, ಅಂದರೆ ರ‍್ಯಾಮ್ ಕೆಳಗಿಳಿಸು ಇಲ್ಲವೇ ಅದು ಬೀಳದಂತೆ ಕೆಳಗೆ ಸೇಫ್ಟಿ ಬ್ಲಾಕ್ ಕೊಡು, ಬೀಗ ಹಾಕು, ಪ್ರೆಶರ್ ಇಳಿಸಿ ಗೇಜ್ ಸೊನ್ನೆಗೆ ತಾ, ಸ್ಟಾರ್ಟ್ ಒತ್ತಿ ನೋಡು, ಇವೆಲ್ಲ ಬರೀ ಕಂಠಪಾಠ. ಹಾಗಾಗಿ ಕ್ವಿಜ್ ಬಂದಿದ್ದು 40ನೇ ನಿಮಿಷಕ್ಕೆ, 11:10ಕ್ಕೆ. ನಡುವೆ ಅಂದರೆ ಹೆಚ್ಚುಕಡಿಮೆ ನಡುವೆ.

ಇಲ್ಲೇ ಒಂದು ಕಹಿ ಲೆಕ್ಕ ಇದೆ. ಕ್ವಿಜ್‌ಗೆ 15 ನಿಮಿಷ ಬೇಕು ಅಂದರೆ 15 ನಿಮಿಷದ ಸ್ಲೈಡ್ ಹೋಗಬೇಕು. "ಸ್ವಲ್ಪ ಫಾಸ್ಟ್ ಆಗಿ ಹೇಳ್ತೀನಿ" ಅಂತ ನಿಮಗೆ ನೀವೇ ಹೇಳಿಕೊಳ್ಳಬೇಡಿ, ಅದು ಯಾವತ್ತೂ ಆಗಲ್ಲ, ಕೊನೆಗೆ ಹೊಡೆತ ಬೀಳೋದು ಕ್ವಿಜ್‌ಗೇ. ನಾನು ತೆಗೆದಿದ್ದು ಕಾಯ್ದೆಯ ಇತಿಹಾಸ, ವ್ಯಾಖ್ಯೆ, ವಿದೇಶದ ಅಪಘಾತದ ಫೋಟೋಗಳು. ಯಾರೂ ಕೇಳಲಿಲ್ಲ.

ತಪ್ಪು ಉತ್ತರಗಳನ್ನು ಶಾಪ್‌ಫ್ಲೋರಿನಿಂದ ತನ್ನಿ

ಕ್ವಿಜ್ ಬರೆಯಲು ಕೂತಾಗ ಎಲ್ಲರೂ ಮೊದಲು ಸರಿ ಉತ್ತರ ಬರೆಯುತ್ತಾರೆ, ಆಮೇಲೆ ಮೂರು ತಪ್ಪು ಉತ್ತರ ತಲೆಯಿಂದ ಹುಟ್ಟಿಸುತ್ತಾರೆ. ಆ ಮೂರನ್ನು ಯಾರೂ ನಂಬಲ್ಲ. ಆದ್ದರಿಂದ ಎಲ್ಲರೂ ಸರಿ ಹೇಳುತ್ತಾರೆ, ನಿಮಗೆ ಖುಷಿಯಾಗುತ್ತದೆ, ಏನೂ ಗೊತ್ತಾಗಲ್ಲ. ತಪ್ಪು ಉತ್ತರ ಅಂದರೆ ಅಲ್ಲಿ ಕೂತವರಲ್ಲಿ ಕೆಲವರಾದರೂ ಇವತ್ತಿನವರೆಗೆ ನಿಜ ಅಂತ ನಂಬಿರುವ ಮಾತಾಗಿರಬೇಕು.

ಅದು ಸಿಗೋದು ಶಾಪ್‌ಫ್ಲೋರಿನಲ್ಲಿ. ತರಬೇತಿಯ ಹಿಂದಿನ ದಿನವೇ ಒಂದು ಗಂಟೆ ಹೋಗಿ, ಚಹಾ ಹೊತ್ತಿಗೆ ಇಬ್ಬರು ಮೂವರ ಜೊತೆ ನಿಲ್ಲಿ. ನಾನು ಕೇಳಿದ್ದು ಇಷ್ಟೇ: "ಈ ಪ್ರೆಸ್ ರಿಪೇರಿಗೆ ನಿಲ್ಸಿದ್ರ, ಕೈ ಹಾಕೂದು ಯಾವಾಗ್ರೀ?" ಒಬ್ಬರು ಬೀಗ ಹಾಕಿದ ಮೇಲೆ ಅಂದರು. ಒಬ್ಬರು "ಸ್ಟಾರ್ಟ್ ಒತ್ತಿ ನೋಡ್ತೀವ್ರೀ, ಚಾಲೂ ಆಗ್ಲಿಲ್ಲಂದ್ರ ಮುಗೀತು" ಅಂದರು. ಇನ್ನೊಬ್ಬರು "ಸೂಪರ್‌ವೈಸರ್ ಹಾಕು ಅಂದಾಗ" ಅಂತ ನಕ್ಕರು. ನನಗೆ ಬೇಕಾದ ಮೂರೂ ತಪ್ಪು ಉತ್ತರ ಐದು ನಿಮಿಷದಲ್ಲಿ ಸಿಕ್ಕವು, ಅದೂ ಅವರದೇ ಮಾತಿನಲ್ಲಿ.

ಸ್ಟಾರ್ಟ್ ಒತ್ತಿ ನೋಡುವುದು ತಪ್ಪಲ್ಲ, ಅದೂ ಕ್ರಮದ ಒಂದು ಹೆಜ್ಜೆಯೇ. ಆದರೆ ಅದು ಮೋಟಾರ್ ತಿರುಗಲ್ಲ ಅನ್ನುವುದನ್ನು ಮಾತ್ರ ಹೇಳುತ್ತದೆ. ರ‍್ಯಾಮ್ ಬೀಳಲ್ಲ ಅಂತ ಹೇಳಲ್ಲ. ಅರ್ಧ ಸರಿ ಇರುವ ಇಂಥ ಉತ್ತರವೇ ಕ್ವಿಜ್‌ಗೆ ಬಂಗಾರ.

ಪ್ರಶ್ನೆ ಬರೆಯೋದು, ಆಮೇಲೆ ಕೆಡಿಸಿ ಮತ್ತೆ ಬರೆಯೋದು

"ಲಾಕೌಟ್ ಎಂದರೇನು?" ಅಂತ ಕೇಳಿದರೆ ನೆನಪು ಪರೀಕ್ಷೆ ಮಾಡಿದ ಹಾಗೆ. ಒಂದು ಸನ್ನಿವೇಶ ಕೊಡಿ, ಈಗ ಏನು ಮಾಡುತ್ತೀರಿ ಅಂತ ಕೇಳಿ. ನನ್ನ ಮೊದಲ ಕರಡು ಹೀಗಿತ್ತು:

ಪ್ರೆಸ್ಸಿನ ರ‍್ಯಾಮ್ ಮೇಲಿದೆ. ಮೇನ್ ಬಂದ್ ಮಾಡಿ ನಿಮ್ಮ ಬೀಗ ಹಾಕಿದ್ದೀರಿ. ಕೀ ನಿಮ್ಮ ಕಿಸೆಯಲ್ಲಿದೆ. ಸ್ಟಾರ್ಟ್ ಒತ್ತಿದಿರಿ, ಚಾಲೂ ಆಗಲಿಲ್ಲ. ಡೈ ಒಳಗೆ ಕೈ ಹಾಕಬಹುದಾ?
1. ಹಾಕಬಹುದು, ಬೀಗ ನನ್ನದು
2. ಹಾಕಬಹುದು, ಸ್ಟಾರ್ಟ್ ಆಗಲಿಲ್ಲ
3. ಹಾಕಬಾರದು, ಏಕೆಂದರೆ ರ‍್ಯಾಮ್‌ಗೆ ಸೇಫ್ಟಿ ಬ್ಲಾಕ್ ಕೊಟ್ಟಿಲ್ಲ ಮತ್ತು ಅಕ್ಯುಮುಲೇಟರ್ ಪ್ರೆಶರ್ ಇಳಿಸಿಲ್ಲ
4. ಹಾಕಬಹುದು, ಸೂಪರ್‌ವೈಸರ್ ಹೇಳಿದರೆ

ಇದನ್ನು ಆಫೀಸಿನ ಅಕೌಂಟ್ಸ್ ಮೇಡಂಗೆ ತೋರಿಸಿದೆ. ಪ್ರೆಸ್ ಅಂದರೆ ಏನು ಅಂತಾನೂ ಅವರಿಗೆ ಗೊತ್ತಿಲ್ಲ. ಎರಡೇ ಸೆಕೆಂಡಿನಲ್ಲಿ "ಮೂರು" ಅಂದರು. ಯಾಕೆ ಅಂದರೆ, "ಅದೊಂದ ಉದ್ದ ಐತಲ್ರೀ, ಮತ್ತ ಅದೊಂದ ಬಾರದು ಅಂತೈತಿ." ಈ ಪರೀಕ್ಷೆಯನ್ನು ನೀವೂ ಬಿಡದೆ ಮಾಡಿ. ವಿಷಯ ಗೊತ್ತಿಲ್ಲದವರು ಸರಿ ಉತ್ತರ ಊಹಿಸಿದರೆ ಪ್ರಶ್ನೆ ಸೋರುತ್ತಿದೆ ಅಂತ ಅರ್ಥ. ನಾವು ಸರಿ ಉತ್ತರವನ್ನು ಪೂರ್ತಿ ಸರಿ ಮಾಡಲು ಹೋಗಿ ಉದ್ದ ಮಾಡಿಬಿಡುತ್ತೇವೆ. ಅದೇ ಸೋರುವ ಜಾಗ.

ಸರಿ ಮಾಡಿದ್ದು ಹೀಗೆ. ಮೂರನೆಯದನ್ನು "ಹಾಕಬಾರದು, ರ‍್ಯಾಮ್‌ಗೆ ಆಧಾರ ಇಲ್ಲ" ಅಂತ ಕತ್ತರಿಸಿದೆ. ನಾಲ್ಕನೆಯದನ್ನು "ಹಾಕಬಾರದು, ಸೂಪರ್‌ವೈಸರ್ ಹೇಳಿಲ್ಲ" ಅಂತ ತಿರುಗಿಸಿದೆ. ಈಗ ಎರಡು ಹೌದು, ಎರಡು ಅಲ್ಲ, ನಾಲ್ಕೂ ಹೆಚ್ಚುಕಡಿಮೆ ಒಂದೇ ಅಳತೆ. ಅಕ್ಯುಮುಲೇಟರ್ ಮಾತು ಉತ್ತರದಲ್ಲಿ ಬೇಡ, ವಿವರಿಸುವಾಗ ಹೇಳಿದರಾಯಿತು. "ಮೇಲಿನ ಎಲ್ಲವೂ" ಅನ್ನುವ ಉತ್ತರ ಮಾತ್ರ ಯಾವತ್ತೂ ಇಡಬೇಡಿ, ಪರೀಕ್ಷೆ ಬರೆದವರಿಗೆಲ್ಲ ಅದರ ಗುಟ್ಟು ಗೊತ್ತು.

ಇನ್ನೊಂದು ಮಾತು ನಮ್ಮ ಕಡೆಯದು. ಬೆಳಗಾವಿಯ ಹಾಲಿನಲ್ಲಿ ಕನ್ನಡ ಓದುವವರು, ಮರಾಠಿ ಓದುವವರು, ಎರಡೂ ನಿಧಾನವಾಗಿ ಓದುವವರು ಒಟ್ಟಿಗೆ ಕೂತಿರುತ್ತಾರೆ. ಪ್ರಶ್ನೆ ಓದಲಾಗದೆ ತಪ್ಪಿದರೆ ಅದು ಲಾಕೌಟ್ ಗೊತ್ತಿಲ್ಲ ಅಂತಲ್ಲ. ಹಾಗಾಗಿ ಅದೇ ಶೆಡ್ಡಿನ ಅದೇ ಪ್ರೆಸ್ಸಿನ ಫೋಟೋ ದೊಡ್ಡದಾಗಿ ಹಾಕಿ, ಪ್ರಶ್ನೆಯನ್ನು ಬಾಯಲ್ಲಿ ಎರಡು ಸಲ ಓದುತ್ತೇನೆ, ಒಮ್ಮೆ ಕನ್ನಡದಲ್ಲಿ ಒಮ್ಮೆ ಮರಾಠಿಯಲ್ಲಿ. ಮರಾಠಿ ನನಗೆ ಅಷ್ಟಕ್ಕಷ್ಟೆ. ಹಾಲಿನವರೇ ಒಬ್ಬರು ಓದುತ್ತಾರೆ. ಉತ್ತರಕ್ಕೆ ಅ, ಆ ಬೇಡ, 1, 2, 3, 4 ಸಾಕು.

ಮೊಬೈಲಾ, ಕಾರ್ಡಾ?

ಕಹೂಟ್, ಮೆಂಟಿಮೀಟರ್, ಸ್ಲೈಡೋ ಅಂತ ಆ್ಯಪ್‌ಗಳಿವೆ. ಜನ ಮೊಬೈಲಿನಲ್ಲಿ ಉತ್ತರ ಒತ್ತುತ್ತಾರೆ, ಪರದೆ ಮೇಲೆ ಪಟ್ಟಿ ಏಳುತ್ತದೆ, ನೋಡಲು ಚೆಂದ. ಆಫೀಸ್ ಜನ, ಒಳ್ಳೆ ವೈಫೈ, ಎಲ್ಲರ ಕೈಯಲ್ಲೂ ಫೋನ್ ಇದ್ದರೆ ಧಾರಾಳವಾಗಿ ಬಳಸಿ. ಆದರೆ ಎರಡು ಎಚ್ಚರಿಕೆ. ಉಚಿತ ಖಾತೆಯಲ್ಲಿ ಎಷ್ಟು ಜನ ಸೇರಬಹುದು ಅನ್ನುವ ಮಿತಿ ಇರುತ್ತದೆ, ಅದು ಆಗಾಗ ಬದಲಾಗುತ್ತದೆ, ಹಿಂದಿನ ದಿನವೇ ನೋಡಿಕೊಳ್ಳಿ. ಎರಡನೆಯದು ಕಹೂಟ್ ಬಗ್ಗೆ. ಅದು ಮಾಮೂಲಾಗಿ ಬೇಗ ಒತ್ತಿದವರಿಗೆ ಜಾಸ್ತಿ ಅಂಕ ಕೊಡುತ್ತದೆ. ನಮಗೆ ಬೇಕಾಗಿರೋದು ಯೋಚಿಸಿ ಒತ್ತಿದ ಉತ್ತರ, ಓಟದ ಸ್ಪರ್ಧೆ ಅಲ್ಲ. ಅಂಕ ಬೇಡ ಅನ್ನುವ ಆಯ್ಕೆ ಅದರಲ್ಲೇ ಇದೆ, ಹಚ್ಚಿಕೊಳ್ಳಿ, ಸಮಯವನ್ನೂ ಉದ್ದ ಮಾಡಿ.

ಫ್ಯಾಕ್ಟರಿಯಲ್ಲಿ ಬಹಳ ಕಡೆ ಮೊಬೈಲ್ ಗೇಟಿನಲ್ಲೇ ಇಡಬೇಕು. ತಗಡಿನ ಶೆಡ್ಡಿನ ಹಾಲಿನಲ್ಲಿ ನೆಟ್‌ವರ್ಕ್ ಒಂದು ಕಡ್ಡಿ ಸಿಕ್ಕರೆ ಪುಣ್ಯ. ಅಲ್ಲಿಗೆ ಪ್ಲಿಕರ್ಸ್ ಅಂತ ಒಂದಿದೆ: ಪ್ರತಿಯೊಬ್ಬರಿಗೂ ಒಂದು ಮುದ್ರಿಸಿದ ಚೌಕ ಕಾರ್ಡ್, ಅದನ್ನು ಯಾವ ಬದಿ ಮೇಲೆ ಮಾಡಿ ಹಿಡಿಯುತ್ತಾರೋ ಅದೇ ಉತ್ತರ. ನೀವೊಬ್ಬರೇ ನಿಮ್ಮ ಫೋನ್ ಕ್ಯಾಮೆರಾದಿಂದ ಹಾಲ್ ಪೂರ್ತಿ ಸ್ಕ್ಯಾನ್ ಮಾಡಿದರೆ ಲೆಕ್ಕ ಬರುತ್ತದೆ. ಅದರಲ್ಲಿ ಒಂದು ತೊಂದರೆ, ಕಾರ್ಡಿಗೆ ನಂಬರ್ ಇರುತ್ತದೆ, "ಸಾಹೇಬ್ರಿಗೆ ನಮ್ಮ ಹೆಸರು ಹೋಗತೈತಿ" ಅಂತ ಜನ ಅನುಮಾನ ಪಡುತ್ತಾರೆ. ಯಾವ ಕಾರ್ಡ್ ಯಾರಿಗೆ ಅಂತ ಬರೆದುಕೊಳ್ಳದೆ, ಕಲಸಿ ಹಂಚಿದರೆ ಅನುಮಾನ ಹೋಗುತ್ತದೆ.

ನಾನು ಬಳಸೋದು ಇನ್ನೂ ಸಾದಾ. ನಾಲ್ಕು ಬಣ್ಣದ ದಪ್ಪ ಕಾಗದ, ಅಂಗೈ ಅಗಲ, ಮುಂದೆ ದೊಡ್ಡ ಅಂಕಿ, ಹಿಂದೆ ಬಿಳಿ. ಖಡೇ ಬಜಾರಿನ ಸ್ಟೇಷನರಿ ಅಂಗಡಿಯಲ್ಲಿ ಕಾಗದ ತಂದು ಮನೆಯಲ್ಲಿ ಕತ್ತರಿಸಿದ್ದು. ಬಿಳಿ ಬದಿ ತೋರಿಸಿದರೆ "ಗೊತ್ತಿಲ್ಲ" ಅಂತ. ಈ ಬಿಳಿ ಬದಿಯನ್ನು ಮರೆಯಬೇಡಿ. ನಾಲ್ಕು ಉತ್ತರ ಇದ್ದಾಗ ಕಣ್ಣು ಮುಚ್ಚಿ ಎತ್ತಿದರೂ ನಾಲ್ವರಲ್ಲಿ ಒಬ್ಬರದು ಸರಿಯಾಗುತ್ತದೆ, 24 ಜನರಲ್ಲಿ ಆರು ಜನ ಹಾಗೇ ಗೆದ್ದುಬಿಡುತ್ತಾರೆ. ಗೊತ್ತಿಲ್ಲ ಅನ್ನಲು ದಾರಿ ಕೊಟ್ಟರೆ ಈ ಸುಳ್ಳು ಲೆಕ್ಕ ಕಮ್ಮಿಯಾಗುತ್ತದೆ. ಬಣ್ಣದಲ್ಲಿ ನಾನು ಒಮ್ಮೆ ಎಡವಿದೆ. ಕೆಂಪು ಮತ್ತು ಹಸಿರು ಇಟ್ಟಿದ್ದೆ. ಸೇಫ್ಟಿ ತರಬೇತಿಯಲ್ಲಿ ಕೂತವರಿಗೆ ಹಸಿರು ಅಂದರೆ ಸರಿ, ಕೆಂಪು ಅಂದರೆ ಅಪಾಯ! ಅಲ್ಲದೆ ಈ ಎರಡು ಬಣ್ಣದ ವ್ಯತ್ಯಾಸ ಕಾಣದ ಗಂಡಸರು ಹಾಲಿಗೊಬ್ಬರಾದರೂ ಇರಬಹುದು. ಈಗ ಹಳದಿ, ನೀಲಿ, ಗುಲಾಬಿ, ಕಂದು.

ಕೈ ಎತ್ತಿಸೋದು ಮಾತ್ರ ಬೇಡವೇ ಬೇಡ. ಹಿರಿಯ ಫಿಟರ್ ಕೈ ಎತ್ತುವವರೆಗೆ ಉಳಿದವರು ಕಾಯುತ್ತಾರೆ, ಅವರು ಎತ್ತಿದರೆ ಎಲ್ಲರೂ ಎತ್ತುತ್ತಾರೆ. ಆಗ ನೀವು ಎಣಿಸಿದ್ದು ಒಬ್ಬರ ಉತ್ತರ.

ನಡೆಸುವಾಗ, ನಿಮಿಷ ನಿಮಿಷಕ್ಕೆ

ಕ್ವಿಜ್ ಶುರು ಮಾಡುವ ಮೊದಲು ಒಂದು ಮಾತು ಹೇಳಿ: ಇದು ನಿಮ್ಮ ಪರೀಕ್ಷೆ ಅಲ್ಲ, ನಾನು ಸರಿಯಾಗಿ ಹೇಳಿದೆನಾ ಅಂತ ನೋಡೋದು, ಹೆಸರು ಬರೆದುಕೊಳ್ಳಲ್ಲ. ಹೇಳಿದರೆ ಸಾಲದು. ಹಿಂದಿನ ಸಾಲಿನಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಕೈಕಟ್ಟಿ ಕೂತಿದ್ದರೆ ಯಾರೂ ನಂಬಲ್ಲ. ಅವರಿಗೆ ಮೊದಲೇ ಹೇಳಿಟ್ಟು ಆ 15 ನಿಮಿಷ ಚಹಾಕ್ಕೆ ಕಳಿಸಿ. ಹೋಗಲ್ಲ ಅಂದರೆ ಅವರ ಕೈಗೂ ಕಾರ್ಡ್ ಕೊಟ್ಟು ನಡುವಿನ ಸಾಲಿನಲ್ಲಿ ಕೂರಿಸಿ. ಒಬ್ಬ ಮ್ಯಾನೇಜರ್ ಹೀಗೆ ಕೂತು ತಪ್ಪು ಕಾರ್ಡ್ ಎತ್ತಿದರು, ತಾವೇ ನಕ್ಕರು, ಆಮೇಲೆ ಹಾಲ್ ಎಷ್ಟು ಸಡಿಲ ಆಯಿತು ಅಂದರೆ ನನಗೆ ಸುಮ್ಮನಿರಿಸೋದೇ ಕಷ್ಟವಾಯಿತು.

ಪ್ರಶ್ನೆ ಎರಡು ಭಾಷೆಯಲ್ಲಿ ಓದಲು ಒಂದು ನಿಮಿಷ. ಆಮೇಲೆ ಪೂರ್ತಿ ಒಂದು ನಿಮಿಷ ಮೌನ, ಯಾರೂ ಮಾತಾಡಬಾರದು. ಈ ಮೌನ ತಡೆದುಕೊಳ್ಳಲಾಗದೆ ನಾವೇ ಬಾಯಿ ಬಿಡುತ್ತೇವೆ, ಸುಳಿವು ಕೊಡುತ್ತೇವೆ. ಗಡಿಯಾರ ನೋಡುತ್ತ ನಿಲ್ಲಿ, ಸಾಕು. ನಂತರ "ಒಂದು, ಎರಡು, ಮೂರು" ಅಂದಾಗ ಎಲ್ಲರೂ ಒಟ್ಟಿಗೆ ಕಾರ್ಡನ್ನು ಎದೆಗೆ ಒತ್ತಿ ಹಿಡಿಯಬೇಕು, ತಲೆ ಮೇಲೆ ಅಲ್ಲ. ಎದೆಗೆ ಹಿಡಿದರೆ ನಿಮಗೆ ಕಾಣುತ್ತದೆ, ಹಿಂದಿನವರಿಗೆ ಕಾಣಲ್ಲ. ಅರ್ಧ ನಿಮಿಷದಲ್ಲಿ ಎಣಿಸಿ, ಫ್ಲಿಪ್‌ಚಾರ್ಟಿನ ಹಿಂಬದಿಗೆ ಬರೆದುಕೊಳ್ಳಿ. ಜನರಿಗೆ ತೋರಿಸಬೇಡಿ. ಯಾವ ಉತ್ತರಕ್ಕೆ ಜಾಸ್ತಿ ಮತ ಬಿತ್ತು ಅಂತ ಕಂಡರೆ ಉಳಿದವರೆಲ್ಲ ಆ ಕಡೆ ವಾಲುತ್ತಾರೆ. ಮುಖದಲ್ಲೂ ತೋರಿಸಬಾರದು, ಇದು ನನಗೆ ಕಲಿಯಲು ಬಹಳ ದಿನ ಹಿಡಿಯಿತು.

ನನ್ನ ಹಾಲಿನಲ್ಲಿ ಮೊದಲ ಎಣಿಕೆ: 1ಕ್ಕೆ ಇಬ್ಬರು, 2ಕ್ಕೆ ಹನ್ನೊಂದು, 3ಕ್ಕೆ ಒಂಬತ್ತು, 4ಕ್ಕೆ ಒಬ್ಬರು, ಬಿಳಿ ಒಬ್ಬರು. ಅಂದರೆ 24ರಲ್ಲಿ 9 ಸರಿ. ಹತ್ತು ನಿಮಿಷದ ಹಿಂದಷ್ಟೇ, ನಾನು ಕೇಳದಿದ್ದರೂ, ಇವರೆಲ್ಲ ತಿಳಿದವರ ಹಾಗೆ ತಲೆ ಆಡಿಸಿದ್ದರು.

ಎಣಿಕೆ ನೋಡಿ ಏನು ಮಾಡಬೇಕು ಅನ್ನೋದು ಮೊದಲೇ ಗೊತ್ತಿರಬೇಕು

ಬಹಳ ಜನ ಇಲ್ಲೇ ಕೈಚೆಲ್ಲುತ್ತಾರೆ. ಕ್ವಿಜ್ ಮಾಡುತ್ತಾರೆ, ಸರಿ ಉತ್ತರ ಹೇಳುತ್ತಾರೆ, ಚಪ್ಪಾಳೆ ಹೊಡೆಸುತ್ತಾರೆ, ಮುಂದಿನ ಸ್ಲೈಡಿಗೆ ಹೋಗುತ್ತಾರೆ. ಉತ್ತರ ಏನೇ ಬಂದರೂ ನಿಮ್ಮ ಮುಂದಿನ ಮಾತು ಬದಲಾಗಲ್ಲ ಅಂದರೆ ಕೇಳಿದ್ದು ಯಾಕೆ?

ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1991ರಲ್ಲಿ ತಮ್ಮ ತರಗತಿಯಲ್ಲಿ ಶುರು ಮಾಡಿದ ಒಂದು ಪದ್ಧತಿ ಇದೆ. ಪ್ರಶ್ನೆ ಕೇಳು, ಒಬ್ಬೊಬ್ಬರೇ ಉತ್ತರ ಕೊಡಲಿ, ಪಕ್ಕದವರ ಜೊತೆ ವಾದ ಮಾಡಲಿ, ಮತ್ತೆ ಉತ್ತರ ಕೊಡಲಿ. ಅದರಲ್ಲಿ ಬಳಸುವ ಗಡಿ ಸುಮಾರಾಗಿ ಹೀಗೆ. ಸರಿ ಹೇಳಿದವರು ನೂರಕ್ಕೆ 30ಕ್ಕಿಂತ ಕಮ್ಮಿ ಇದ್ದರೆ ಚರ್ಚೆ ಮಾಡಿಸಿ ಪ್ರಯೋಜನವಿಲ್ಲ, ಗೊತ್ತಿಲ್ಲದವರು ಗೊತ್ತಿಲ್ಲದವರಿಗೆ ಹೇಳಿದಂತಾಗುತ್ತದೆ, ನೀವೇ ಬೇರೆ ರೀತಿಯಲ್ಲಿ ಮತ್ತೆ ಹೇಳಬೇಕು. 70ಕ್ಕಿಂತ ಜಾಸ್ತಿ ಇದ್ದರೆ ಎರಡು ಮಾತಿನಲ್ಲಿ ಕಾರಣ ಹೇಳಿ ಮುಂದೆ ಹೋಗಿ. ನಡುವೆ ಬಂದರೆ, ಅದೇ ಚರ್ಚೆಯ ಹೊತ್ತು.

24 ಜನರ ಹಾಲಿಗೆ ಇದನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡಿದ್ದೆ: 7 ಅಥವಾ ಕಮ್ಮಿ ಬಂದರೆ ಮತ್ತೆ ಹೇಳು, 8ರಿಂದ 16 ಚರ್ಚೆ, 17 ಅಥವಾ ಜಾಸ್ತಿ ಬಂದರೆ ಮುಂದೆ. ನಿಂತಲ್ಲೇ ಶೇಕಡಾ ಲೆಕ್ಕ ಹಾಕುವ ಗೋಜು ಬೇಡ. ಮತ್ತೆ ಹೇಳಬೇಕಾಗಿ ಬಂದರೆ ಅಂತ ಒಂದು ಬೇರೆ ದಾರಿಯನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೆ: ಸೂಜಿ ಇಲ್ಲದ ದೊಡ್ಡ ಸಿರಿಂಜಿನಲ್ಲಿ ನೀರು. ಬಾಯಿ ಬೆರಳಿಂದ ಮುಚ್ಚಿದರೆ ಪಿಸ್ಟನ್ ಮೇಲಿಟ್ಟ ಕಲ್ಲು ನಿಲ್ಲುತ್ತದೆ, ಬೆರಳು ತೆಗೆದರೆ ಕಲ್ಲು ಇಳಿಯುತ್ತದೆ. ಇಲ್ಲಿ ಕರೆಂಟೇ ಇಲ್ಲ! ಅದೇ ಸ್ಲೈಡನ್ನು ಜೋರು ದನಿಯಲ್ಲಿ ಮತ್ತೆ ಓದೋದು ಮತ್ತೆ ಹೇಳೋದಲ್ಲ.

9 ಬಂದಿತ್ತು, ಹಾಗಾಗಿ ಚರ್ಚೆ. "ನಿಮಗಿಂತ ಬೇರೆ ನಂಬರ್ ಎತ್ತಿದವರನ್ನು ಹುಡುಕಿ, ಎರಡು ನಿಮಿಷದಲ್ಲಿ ಅವರನ್ನು ಒಪ್ಪಿಸಿ" ಅಂದೆ. ನಾನು ಸುಮ್ನೆ ಸಾಲುಗಳ ನಡುವೆ ತಿರುಗಿದೆ. ಒಂದು ಕಡೆ ಕೇಳಿದ್ದು:

"ಕರೆಂಟ್ ಇಲ್ಲ, ಸ್ಟಾರ್ಟ್ ಆಗಂಗಿಲ್ಲ. ಇನ್ನೇನ ಅಂಜಿಕಿ ಕಾಕಾ?"

"ಕರೆಂಟ್ ಇಲ್ಲ ಖರೆ. ಮ್ಯಾಲಿಂದು ವಜನ ಯಾರ ಹಿಡದಾರ? ಎಣ್ಣಿ ಹಿಡದೈತಿ. ಸೀಲ್ ಹರದ್ರ?"

ಆ ಹುಡುಗ ಏನೂ ಮಾತಾಡದೆ ತನ್ನ ಕಾರ್ಡ್ ಬದಲಿಸಿಕೊಂಡ. ನಾನು ಹತ್ತು ಸ್ಲೈಡಿನಲ್ಲಿ ಹೇಳಲಾಗದ್ದನ್ನು ಆ ಕಾಕಾ ಒಂದೇ ಉಸಿರಿಗೆ ಹೇಳಿದ್ದರು. ಎರಡನೇ ಎಣಿಕೆಯಲ್ಲಿ 3ಕ್ಕೆ ಹತ್ತೊಂಬತ್ತು, 2ಕ್ಕೆ ನಾಲ್ಕು, 4ಕ್ಕೆ ಒಬ್ಬರು.

ಈಗ ಸರಿ ಉತ್ತರ ಹೇಳುವ ಹೊತ್ತು, ಆದರೆ ನೀವು ಶುರು ಮಾಡಬೇಡಿ. ಮೊದಲು 3 ಎತ್ತಿದ ಒಬ್ಬರಿಂದ ಕಾರಣ ಹೇಳಿಸಿ. ಆಮೇಲೆ 2 ಯಾಕೆ ಸರಿ ಅನಿಸುತ್ತದೆ, ಎಲ್ಲಿ ಜಾರುತ್ತದೆ ಅಂತ ನೀವು ಹೇಳಿ. "ಯಾರು 2 ಎತ್ತಿದ್ರಿ?" ಅಂತ ಮಾತ್ರ ಕೇಳಬಾರದು, ಕೇಳಿದರೆ ಮುಂದಿನ ಪ್ರಶ್ನೆಗೆ ನಿಜವಾದ ಕಾರ್ಡ್ ಏಳಲ್ಲ. ಅಕ್ಯುಮುಲೇಟರ್ ಮಾತು ಇಲ್ಲಿ ಬಂತು: ಡ್ರೇನ್ ವಾಲ್ವ್ ತೆರೆದು ಎಣ್ಣೆಯನ್ನು ಟ್ಯಾಂಕಿಗೆ ಬಿಡಬೇಕು, ಗೇಜ್ ಸೊನ್ನೆ ತೋರಿಸಬೇಕು, ಆದರೂ ಒಳಗಿನ ನೈಟ್ರೋಜನ್ ಹಾಗೇ ಇರುತ್ತದೆ, ಅಕ್ಯುಮುಲೇಟರ್‌ನ್ನೇ ಬಿಚ್ಚುವವರು ಅದನ್ನು ಬೇರೆಯಾಗಿ ಇಳಿಸಬೇಕು. ಮತ್ತು ರ‍್ಯಾಮ್ ಮೇಲಿರುವಾಗ ಬ್ಲಾಕ್ ಕೊಡದೆ ಪ್ರೆಶರ್ ಬಿಟ್ಟರೆ ರ‍್ಯಾಮ್ ತಾನೇ ಇಳಿದು ಬರಬಹುದು. ಕ್ರಮ ಯಾಕೆ ಮುಖ್ಯ ಅಂತ ಈಗ ಅವರೇ ಕೇಳತೊಡಗಿದರು. ಎರಡನೇ ಅರ್ಧಕ್ಕೆ ನನಗೆ ಬೇಕಾಗಿದ್ದೂ ಅದೇ ಪ್ರಶ್ನೆ.

ಇಷ್ಟಕ್ಕೆ ಎಂಟು ನಿಮಿಷ ಹೋಯಿತು. ಹಾಗಾಗಿ 15 ನಿಮಿಷಕ್ಕೆ ಎರಡೇ ಪ್ರಶ್ನೆ. ಮೂರನೆಯದು ಕಿಸೆಯಲ್ಲಿರಲಿ. ಹತ್ತು ಪ್ರಶ್ನೆ ತಂದವರು ಹತ್ತನ್ನೂ ಓಡಿಸುತ್ತಾರೆ, ಒಂದನ್ನೂ ಬಿಡಿಸಲ್ಲ.

ಎರಡನೇ ಪ್ರಶ್ನೆ, ಮತ್ತು ಮೂರು ಹಳದಿ ಕಾರ್ಡ್

ಎರಡನೆಯದು ಸುಲಭದ್ದು ಇಡಿ, ಮೊದಲನೆಯದರಲ್ಲಿ ಪೆಟ್ಟು ತಿಂದವರಿಗೆ ಸ್ವಲ್ಪ ಉಸಿರು ಬರಲಿ. ನನ್ನದು: ರಿಪೇರಿ ಮುಗಿದಿಲ್ಲ, ಶಿಫ್ಟ್ ಬದಲಾಯಿತು. ಹಳಬರ ಬೀಗ ಮಷೀನ್ ಮೇಲಿದೆ, ಹೊಸಬರು ಬಂದರು. ಈಗ?
1. ಹಳಬರು ಕೀ ಹೊಸಬರಿಗೆ ಕೊಡಲಿ
2. ಹಳಬರು ಬೀಗ ತೆಗೆಯಲಿ, ಆಮೇಲೆ ಹೊಸಬರು ಹಾಕಲಿ
3. ಹೊಸಬರು ಬೀಗ ಹಾಕಲಿ, ಆಮೇಲೆ ಹಳಬರು ತೆಗೆಯಲಿ
4. ಸೂಪರ್‌ವೈಸರ್ ಬೀಗ ಒಂದೇ ಸಾಕು

ಸರಿ 3. ಮಷೀನ್ ಒಂದು ಕ್ಷಣವೂ ಬೀಗ ಇಲ್ಲದೆ ಇರಬಾರದು. ಎಣಿಕೆ: 3ಕ್ಕೆ ಇಪ್ಪತ್ತು, 2ಕ್ಕೆ ಒಬ್ಬರು, 1ಕ್ಕೆ ಮೂವರು. 17 ದಾಟಿತು, ಚರ್ಚೆ ಬೇಡ, ಅರ್ಧ ನಿಮಿಷದಲ್ಲಿ ಕಾರಣ ಹೇಳಿ ಮುಗಿಸಿದೆ.

ಆದರೆ ಆ ಮೂರು ಹಳದಿ ಕಾರ್ಡ್ ಕೊನೆಯ ಬೆಂಚಿನಲ್ಲಿ ಪಕ್ಕಪಕ್ಕದಲ್ಲೇ ಇದ್ದವು. ತಪ್ಪು ಉತ್ತರ ಹಾಲ್ ಪೂರ್ತಿ ಚದುರಿದ್ದರೆ ಅದು ಬರೀ ಗೊಂದಲ. ಒಂದೇ ಮೂಲೆಯಲ್ಲಿ ಗುಂಪಾಗಿದ್ದರೆ ಬೇರೇನೋ ಇರುತ್ತದೆ: ಒಂದೇ ವಿಭಾಗದವರು, ಒಂದೇ ಶಿಫ್ಟಿನವರು, ಇಲ್ಲವೇ ಒಬ್ಬರನ್ನು ನೋಡಿ ಇನ್ನಿಬ್ಬರು ಎತ್ತಿದ್ದು. ಅಲ್ಲೇ ಎಲ್ಲರ ಮುಂದೆ ಕೇಳಲಿಲ್ಲ. ಅವರು ಕಾಂಟ್ರಾಕ್ಟ್ ಹೆಲ್ಪರ್‌ಗಳು ಅಂತ ಗೊತ್ತಿತ್ತು.

ಎರಡನೇ ಅರ್ಧ ಮುಗಿಸುವ ಮುಂಚೆ, ಕೊನೆಯ ಐದು ನಿಮಿಷದಲ್ಲಿ ಕಿಸೆಯ ಮೂರನೇ ಪ್ರಶ್ನೆ ತೆಗೆದೆ. ಮೊದಲ ಪ್ರಶ್ನೆಯದೇ ವಿಚಾರ, ಮಷೀನ್ ಬೇರೆ: ಫೋರ್ಕ್‌ಲಿಫ್ಟ್ ಫೋರ್ಕ್ ಮೇಲಿದೆ, ಇಂಜಿನ್ ಬಂದ್, ಕೀ ಕಿಸೆಯಲ್ಲಿ, ಕೆಳಗೆ ಹೋಗಬಹುದಾ? ಅದೇ ಪ್ರಶ್ನೆ ಮತ್ತೆ ಕೇಳಿದರೆ ನಂಬರ್ ನೆನಪಿಟ್ಟುಕೊಂಡು ಹೇಳುತ್ತಾರೆ. ಮಷೀನ್ ಬದಲಿಸಿದರೆ ವಿಚಾರ ದಾಟಿದೆಯಾ ಅಂತ ಕಾಣುತ್ತದೆ. 24ರಲ್ಲಿ 21 ಸರಿ ಬಂತು, ಮೊದಲ ಪ್ರಶ್ನೆಯ 9ರಿಂದ. ಹೆಸರಿಲ್ಲದೆ ಈ ಎರಡು ಅಂಕಿಯನ್ನು ಮಾತ್ರ ಎಚ್‌ಆರ್‌ಗೆ ಕೊಟ್ಟೆ. ಅವರು ವರದಿಯಲ್ಲಿ ಫೋಟೋ ಕೇಳಿದರು, ಕಾರ್ಡ್ ಹಿಡಿದಿರುವ ಫೋಟೋ ಕೊಡಲಿಲ್ಲ.

ಆಮೇಲೆ ಚಹಾ ಹೊತ್ತಿಗೆ ಆ ಮೂವರ ಪಕ್ಕ ಹೋಗಿ ನಿಂತೆ. ಕೀ ಕೊಟ್ಟು ಹೋಗೋದು ಯಾಕೆ ಸರಿ ಅನಿಸಿತು ಅಂತ ಮೆಲ್ಲಗೆ ಕೇಳಿದೆ. ಒಬ್ಬ ಹುಡುಗ ಗ್ಲಾಸ್ ಕೆಳಗಿಟ್ಟು ಹೇಳಿದ: "ನಮಗ ಬೇರೆ ಬೀಗ ಎಲ್ಲೈತ್ರೀ ಸರ್? ಮೂರೂ ಮಂದಿಗಿ ಕೂಡಿ ಒಂದ ಐತಿ. ಕೀ ಕೊಡದ ಹೆಂಗ ಹೋಗೂದ್ರೀ ಮತ್ತ?"

ಅವರ ಉತ್ತರ ತಪ್ಪಾಗಿತ್ತು, ಆದರೆ ಅದನ್ನು ಸರಿ ಮಾಡುವ ಸ್ಲೈಡ್ ನನ್ನ ಹತ್ತಿರ ಇರಲಿಲ್ಲ. ಎಚ್‌ಆರ್ ಮೇಡಂಗೆ ಹೇಳಿ ಸ್ಟೋರಿಗೆ ಇಂಡೆಂಟ್ ಬರೆಸಿದೆ: ಬೇರೆ ಬೇರೆ ಕೀ ಇರುವ ಬೀಗ, ಮೂರು.